ಬೀಳ್ಕೊಡುಗೆಯ ಚಂದಾ, ಮಗಳ ಫೀಸು

ತಿಂಗಳ ಇಪ್ಪತ್ತನೆಯ ತಾರೀಖು. ಮೈಸೂರಿನ ಒಂದು ಕೇಂದ್ರ ಸರ್ಕಾರಿ ಕಚೇರಿ. ಮಧ್ಯಾಹ್ನದ ಊಟ ಮುಗಿದು ಎಲ್ಲರೂ ತಮ್ಮ ತಮ್ಮ ಮೇಜಿಗೆ ಮರಳುವ ಹೊತ್ತಿಗೆ ಒಂದು ಹಾಳೆ ಕೈಯಿಂದ ಕೈಗೆ ದಾಟುತ್ತಾ ಬಂತು. ಮೇಲೆ ದಪ್ಪಕ್ಷರದಲ್ಲಿ 'ಸಾಹೇಬರ ಬೀಳ್ಕೊಡುಗೆ' ಎಂಬ ತಲೆಬರಹ. ಕೆಳಗೆ ಸಾಲಾಗಿ ಇಪ್ಪತ್ನಾಲ್ಕು ಹೆಸರು. ಪ್ರತಿ ಹೆಸರಿನ ಮುಂದೆ 2,000 ಎಂದು ಬರೆದು, ಅದರ ಪಕ್ಕದ ಮನೆಯನ್ನು ಸಹಿಗಾಗಿ ಖಾಲಿ ಬಿಡಲಾಗಿತ್ತು. ಒಟ್ಟು 48,000 ರೂಪಾಯಿ. ತಿಂಗಳ ಕೊನೆಯ ದಿನ ನಿವೃತ್ತರಾಗುವ ಹಿರಿಯ ಅಧಿಕಾರಿಗೆ ಬೆಳ್ಳಿಯ ದೀಪದ ಕಂಬಗಳ ಜೋಡಿ, ಮೈಸೂರು ಪೇಟ, ಶಾಲು, ಹಾರ, ಜೊತೆಗೆ ಎಲ್ಲರಿಗೂ ಊಟ.

ಹದಿನೇಳನೆಯ ಹೆಸರಿನ ಗುಮಾಸ್ತೆಯ ಮುಂದೆ ಹಾಳೆ ಬಂದಾಗ ಮೇಲಿನ ಹದಿನಾರು ಸಹಿಗಳೂ ಬಿದ್ದಾಗಿದ್ದವು. ಆಕೆ ಪೆನ್ನು ಕೈಗೆತ್ತಿಕೊಂಡು ಹಾಗೆಯೇ ಕೆಳಗಿಟ್ಟರು. "ಆಮೇಲೆ ಕಳಿಸ್ತೀನಿ" ಎಂದು ಹೇಳಿ ಹಾಳೆಯನ್ನು ಕಡತವೊಂದರ ಕೆಳಗೆ ಇಟ್ಟುಕೊಂಡರು.

ಎರಡು ಸಾವಿರ ರೂಪಾಯಿ ಏನು ಮಹಾ ಎಂದು ಯಾರಾದರೂ ಕೇಳಬಹುದು. ಅದಕ್ಕೆ ಉತ್ತರ ಸಂಬಳದ ಮೊತ್ತದಲ್ಲಿಲ್ಲ, ತಿಂಗಳ ಕೊನೆಯಲ್ಲಿ ಉಳಿಯುವ ಹಣದಲ್ಲಿದೆ. ಆಕೆಯ ಕೈಗೆ ಬರುವ ಸಂಬಳ 44,000. ಬಾಡಿಗೆಗೆ 12,000, ದಿನಸಿ ಹಾಲು ಗ್ಯಾಸಿಗೆ 13,000, ಅತ್ತೆಯ ಔಷಧಿಗೆ 3,500, ಬ್ಯಾಂಕಿನ ಸಾಲದ ಕಂತು 6,500, ಬಸ್ಸು ಕರೆಂಟು ಫೋನಿಗೆ 4,000. ಇಷ್ಟಕ್ಕೆ 39,000 ಆಯಿತು. ಪತಿಯ ಸಣ್ಣ ಮುದ್ರಣಾಲಯದಲ್ಲಿ ಕೆಲವು ತಿಂಗಳುಗಳಿಂದ ಕೆಲಸವೇ ಇಲ್ಲ. ಅಲ್ಲಿಂದ ಬರುವುದು ಆ ಮಳಿಗೆಯ ಬಾಡಿಗೆಗೇ ಸರಿಹೋಗುತ್ತಿದೆ. ಉಳಿಯುವುದು 5,000. ಎಂಜಿನಿಯರಿಂಗ್ ಎರಡನೆಯ ವರ್ಷದಲ್ಲಿರುವ ಮಗಳ ಫೀಸಿನ ಎರಡನೆಯ ಕಂತು 18,000. ಕಟ್ಟಲು ಕೊನೆಯ ದಿನ ಇಪ್ಪತ್ತೆಂಟು. ಹಿಂದಿನ ತಿಂಗಳುಗಳಲ್ಲಿ ಕೂಡಿಟ್ಟದ್ದು 14,000. ಈ ತಿಂಗಳ ಐದು ಸಾವಿರದಲ್ಲಿ ನಾಲ್ಕು ಅದಕ್ಕೆ ಹೋದರೆ ಕೈಯಲ್ಲಿ ಉಳಿಯುವುದು ಒಂದೇ ಸಾವಿರ. ಮುಂದಿನ ಸಂಬಳ ಬರುವುದು ತಿಂಗಳ ಕೊನೆಯ ದಿನ. ಅಂದರೆ ಹಾಳೆಯ ಮೇಲಿನ ಎರಡು ಸಾವಿರವನ್ನು ಕೊಟ್ಟರೆ ಫೀಸಿಗೆ ಸಾವಿರ ರೂಪಾಯಿ ಕಡಿಮೆ ಬೀಳುತ್ತದೆ. ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ವೈದ್ಯರಿಗೆ ಕೊಡಲೂ ಏನೂ ಇರುವುದಿಲ್ಲ.

ಹಾಗಿದ್ದರೆ 'ಆಗುವುದಿಲ್ಲ' ಎಂದುಬಿಡುವುದು ಸುಲಭವಾಗಬೇಕಿತ್ತು. ಸುಲಭವಾಗಲಿಲ್ಲ. ಅದಕ್ಕೆ ಕಾರಣ ಆ ಹಾಳೆಯ ರಚನೆಯಲ್ಲೇ ಇದೆ. ಮೊದಲನೆಯದಾಗಿ, ಹೆಸರು ಮತ್ತು ಮೊತ್ತ ಎರಡನ್ನೂ ಮೊದಲೇ ಬರೆದಿಟ್ಟಿದ್ದಾರೆ. ಕೊಡುತ್ತೀರಾ ಎಂದು ಅದು ಯಾರನ್ನೂ ಕೇಳುವುದಿಲ್ಲ. ಇನ್ನೂ ಕೊಟ್ಟಿಲ್ಲ ಎಂದು ತೋರಿಸುತ್ತದೆ. ಎರಡನೆಯದಾಗಿ, ಖಾಲಿ ಉಳಿದ ಮನೆ ಮುಂದಿನ ಏಳು ಮಂದಿಗೂ ಕಾಣುತ್ತದೆ. ಮೂರನೆಯದಾಗಿ, ಉಡುಗೊರೆ ಯಾರಿಗೆ ಸಲ್ಲುತ್ತದೆಯೋ ಅವರೇ ಇಷ್ಟು ವರ್ಷ ಆಕೆಯ ವಾರ್ಷಿಕ ವರದಿಯನ್ನು ಬರೆದವರು. ಈ ವರ್ಷದ ವರದಿ ಇನ್ನೂ ಬರೆದಾಗಿಲ್ಲ.

ನಮ್ಮ ಕಡೆಯವರಿಗೆ ಕೂಡಿ ಕೊಡುವುದೇನೂ ಹೊಸತಲ್ಲ. ಮದುವೆಯ ಮನೆಯಲ್ಲಿ ಮುಯ್ಯಿ ಎಂಬುದೊಂದು ಪದ್ಧತಿ ಇದೆ. ಚಪ್ಪರದ ಒಂದು ಮೂಲೆಯಲ್ಲಿ ಪುಸ್ತಕ ಹಿಡಿದು ಕುಳಿತವರು ಇಂಥವರಿಂದ ಇಷ್ಟು ಎಂದು ಬರೆದುಕೊಳ್ಳುತ್ತಾರೆ. ನಾಳೆ ಕೊಟ್ಟವರ ಮನೆಯಲ್ಲಿ ಮದುವೆಯಾದಾಗ ಆ ಪುಸ್ತಕ ತೆಗೆದು ನೋಡಿ, ಅಷ್ಟನ್ನೋ ಅದಕ್ಕೆ ಸ್ವಲ್ಪ ಸೇರಿಸಿಯೋ ಹಿಂದಿರುಗಿಸುತ್ತಾರೆ. ಕಚೇರಿಯ ಚಂದಾ ಹೊರನೋಟಕ್ಕೆ ಇದರಂತೆಯೇ ಕಾಣುತ್ತದೆ. ಆದರೆ ಎರಡು ಮುಖ್ಯ ವ್ಯತ್ಯಾಸಗಳಿವೆ. ಮುಯ್ಯಿಯಲ್ಲಿ ಅವರವರ ಶಕ್ತಿಗೆ ತಕ್ಕಂತೆ ಬರೆಸುತ್ತಾರೆ. ನೂರೊಂದು ಬರೆಸಿದವರೂ ಸಾವಿರದೊಂದು ಬರೆಸಿದವರೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ. ಇಲ್ಲಿ ಅಧಿಕಾರಿಗೂ ಗುಮಾಸ್ತೆಗೂ ಒಂದೇ ಪಾಲು. ಇನ್ನೊಂದು, ಮುಯ್ಯಿ ತಿರುಗಿ ಬರುವ ಹಣ. ಇಲ್ಲಿ ಪಡೆದವರು ಮರುದಿನದಿಂದ ಕಚೇರಿಗೇ ಬರುವುದಿಲ್ಲ. ಮುಯ್ಯಿಯ ದಾಕ್ಷಿಣ್ಯವನ್ನು ತಂದು ಈ ಹಾಳೆಗೆ ಅಂಟಿಸುವುದರಿಂದಲೇ 'ಕೊಡದಿದ್ದರೆ ಹೇಗೆ' ಎಂಬ ಸಂಕಟ ಹುಟ್ಟುತ್ತದೆ.

ಆ ರಾತ್ರಿ ಮನೆಯಲ್ಲಿ ಲೆಕ್ಕದ ಪುಸ್ತಕ ತೆರೆದು ಕುಳಿತಿದ್ದ ತಾಯಿಯನ್ನು ಕಂಡು ಮಗಳು ವಿಷಯ ಕೇಳಿ ತಿಳಿದುಕೊಂಡಳು. "ಅಮ್ಮಾ, ನಾನು ನಾಲ್ಕು ದಿನ ತಡ ಮಾಡಿ ಕಟ್ತೀನಿ ಬಿಡು. ದಂಡ ಎಷ್ಟು ಆಗುತ್ತೋ ನೋಡೋಣ" ಎಂದಳು. ತಾಯಿ ಪುಸ್ತಕ ಮುಚ್ಚಿದರು. "ಬೇಡ ಕಣೇ. ಸಾಹೇಬರ ಉಡುಗೊರೆಗೆ ನೀನು ಯಾಕೆ ದಂಡ ಕಟ್ಬೇಕು?" ಈ ಒಂದು ಮಾತಿನಲ್ಲಿ ಅವರ ತೀರ್ಮಾನ ಆಗಿಹೋಯಿತು. ಉಳಿದದ್ದು ಅದನ್ನು ಹೇಗೆ, ಯಾವಾಗ, ಯಾರಿಗೆ ಹೇಳುವುದು ಎಂಬುದು.

ಇಂಥ ಸಂದರ್ಭದಲ್ಲಿ ಬಹುಪಾಲು ಜನ ಮಾಡುವ ತಪ್ಪು ಮೂರು ಬಗೆಯದು. 'ನೋಡೋಣ', 'ನಾಳೆ ಕೊಡ್ತೀನಿ' ಎಂದು ದಿನ ದೂಡುವುದು ಮೊದಲನೆಯದು. ಹಣ ಸಂಗ್ರಹಿಸುವವರು ಇದನ್ನು 'ಕೊಡುತ್ತಾರೆ' ಎಂದೇ ಲೆಕ್ಕ ಹಿಡಿದು ಅಂಗಡಿಯಲ್ಲಿ ಮುಂಗಡ ಕೊಟ್ಟುಬಿಡುತ್ತಾರೆ. ಅಲ್ಲಿಂದ ಮುಂದೆ ಅದು ಚಂದಾ ಅಲ್ಲ, ಸಂಗ್ರಹಿಸಿದವರ ಕೈಸಾಲ. ಸಾಲವನ್ನು ಯಾರೂ ನಿರಾಕರಿಸಲಾರರು. ಎರಡನೆಯದು ಸುಳ್ಳು ನೆಪ. ಪರ್ಸು ಮರೆತೆ, ಬ್ಯಾಂಕಿನ ಆ್ಯಪ್ ಕೆಲಸ ಮಾಡುತ್ತಿಲ್ಲ ಎಂಬ ನೆಪಗಳಿಗೆಲ್ಲ ಮರುದಿನವೇ ಪರಿಹಾರ ಇರುತ್ತದೆ. ಆಗ ಇನ್ನೊಂದು ನೆಪ ಹುಡುಕಬೇಕು. ಮೂರನೆಯದು, ಪಕ್ಕದ ಮೇಜಿನವರಿಂದ ಸಾಲ ಪಡೆದು ಕೊಡುವುದು. ಆಗ ಒಬ್ಬರಿಗೆ ಹೇಳಲು ಸಂಕೋಚಪಟ್ಟ ಮಾತನ್ನು ಇನ್ನೊಬ್ಬರಿಗೆ ಹೇಳಿದಂತಾಯಿತು, ಮೇಲೆ ಸಾಲದ ಹೊರೆಯೂ ಬಂತು.

ಆಕೆ ಮರುದಿನ ಬೆಳಿಗ್ಗೆ ಹತ್ತು ನಿಮಿಷ ಮುಂಚೆ ಕಚೇರಿಗೆ ಬಂದರು. ಹಣ ಸಂಗ್ರಹಿಸುತ್ತಿದ್ದವರು ಸೂಪರಿಂಟೆಂಡೆಂಟರು. ಅವರೊಬ್ಬರೇ ಇದ್ದಾಗ ಹಾಳೆಯನ್ನು ಅವರ ಮೇಜಿನ ಮೇಲಿಟ್ಟು ಹೇಳಿದ್ದು ಇಷ್ಟೇ: "ಸಾರ್, ಈ ಸಲ ನನ್ನ ಕೈಲಿ ಆಗೋದಿಲ್ಲ. ಮಗಳ ಫೀಸು ಇದೇ ವಾರ ಕಟ್ಬೇಕು. ನನ್ನ ಹೆಸರು ಬಿಟ್ಟು ಲೆಕ್ಕ ಹಾಕಿ. ಅಂಗಡಿಗೆ ಹೇಳೋಕೆ ಮುಂಚೆ ತಿಳಿಸೋಣ ಅಂತ ಬಂದೆ. ಆವತ್ತಿನ ಏರ್ಪಾಡು ಏನೇ ಇದ್ರೂ ನನಗೆ ಹೇಳಿ, ಮಾಡ್ತೀನಿ."

ಈ ಐದಾರು ವಾಕ್ಯಗಳಲ್ಲಿ ಯಾವುದೂ ಹೆಚ್ಚಲ್ಲ, ಯಾವುದೂ ಕಡಿಮೆಯಲ್ಲ. ಸಾಮಾನು ಕೊಳ್ಳುವ ಮುಂಚೆ ಹೇಳಿದ್ದರಿಂದ ಸಂಗ್ರಹಿಸುವವರಿಗೆ ಬಜೆಟ್ ಬದಲಿಸಿಕೊಳ್ಳಲು ಅವಕಾಶ ಉಳಿಯಿತು. ಒಬ್ಬರಿಗೇ ಹೇಳಿದ್ದರಿಂದ ಅವರು ಎಲ್ಲರ ಮುಂದೆ ತಮ್ಮ ಮಾತನ್ನು ಸಮರ್ಥಿಸಿಕೊಳ್ಳಬೇಕಾದ ಪ್ರಮೇಯ ಬರಲಿಲ್ಲ. ಇದನ್ನೇ ಕಚೇರಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರೆದಿದ್ದರೆ ಅದು ದೂರಿನಂತೆ ಕಾಣುತ್ತಿತ್ತು. ಕಾರಣವನ್ನು ಒಂದೇ ಮಾತಿನಲ್ಲಿ, ನಿಜವಾದದ್ದನ್ನೇ ಹೇಳಿದರು. ಪತಿಯ ಮುದ್ರಣಾಲಯ, ಅತ್ತೆಯ ಔಷಧಿ, ಸಾಲದ ಕಂತು ಇವನ್ನೆಲ್ಲ ಬಿಚ್ಚಿಡಲಿಲ್ಲ. ಕಾರಣಗಳು ಹೆಚ್ಚಿದಷ್ಟೂ ಎದುರಿನವರು ಒಂದೊಂದಕ್ಕೂ ಪರಿಹಾರ ಸೂಚಿಸತೊಡಗುತ್ತಾರೆ. ಉಡುಗೊರೆ ದುಬಾರಿಯಾಯಿತು, ಸಾಹೇಬರು ಅದಕ್ಕೆ ಅರ್ಹರಲ್ಲ ಎಂಬಂಥ ಟೀಕೆಯನ್ನೂ ಮಾಡಲಿಲ್ಲ. ಕೊಡಬಲ್ಲವರು ಕೊಡಲಿ, ಅವರು ಹೇಳಿದ್ದು ತಮ್ಮ ಜೇಬಿನ ಮಾತು ಮಾತ್ರ.

ಆದರೆ ಸೂಪರಿಂಟೆಂಡೆಂಟರು ಒಡನೆಯೇ ಒಪ್ಪಲಿಲ್ಲ. "ಅಯ್ಯೋ ಮೇಡಂ, ನಿಮ್ಮದೊಂದೇ ಬಿಟ್ರೆ ಚೆನ್ನಾಗಿರಲ್ಲ. ನಾನೇ ಹಾಕಿರ್ತೀನಿ, ಒಂದನೇ ತಾರೀಖು ಕೊಡಿ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಬಂದ ಮಾತು. ಆದರೆ ಎಷ್ಟೋ ಜನ ಸೋಲುವುದು ಈ ಎರಡನೆಯ ಮಾತಿಗೇ. ಹೆಸರು ಪಟ್ಟಿಯಲ್ಲಿ ಉಳಿಯುತ್ತದೆ, ಮಾನ ಉಳಿಯುತ್ತದೆ, ಬರುವ ತಿಂಗಳ ಲೆಕ್ಕದಲ್ಲಿ ಎರಡು ಸಾವಿರ ತೂತು ಬೀಳುತ್ತದೆ. ಬರುವ ತಿಂಗಳೂ ಉಳಿಯುವುದು ಅದೇ ಐದು ಸಾವಿರ ತಾನೆ? ಆಕೆ ಮತ್ತೆ ಹೇಳಿದರು: "ಬೇಡ ಸಾರ್. ಒಂದನೇ ತಾರೀಖಿಗೂ ಆಗೋದಿಲ್ಲ. ನೀವು ಹಾಕ್ಬೇಡಿ." ಮೊದಲ ಮಾತನ್ನೇ, ದನಿ ಏರಿಸದೆ, ಹೊಸ ಕಾರಣ ಸೇರಿಸದೆ ಹೇಳಿದರು. ಇದು ಒರಟುತನವಲ್ಲ. ಎರಡು ಬಾರಿ ಒಂದೇ ಉತ್ತರ ಬಂದಾಗ ಕೇಳಿದವರಿಗೂ ಅದು ನಿಜವಾದ ಉತ್ತರವೆಂದು ತಿಳಿಯುತ್ತದೆ.

ಇಲ್ಲಿ ಇನ್ನೊಂದು ಸಂಗತಿ ಇದೆ. ಇಲಾಖಾ ಪರೀಕ್ಷೆಗೆ ಓದಿಕೊಂಡಿದ್ದ ಆಕೆಗೆ ಅದು ಗೊತ್ತಿತ್ತು, ಕಚೇರಿಯ ಅನೇಕರಿಗೆ ಮರೆತುಹೋಗಿತ್ತು. ಕೇಂದ್ರ ಸರ್ಕಾರದ ನೌಕರರಿಗೆ ಅನ್ವಯಿಸುವ 1964ರ ನಾಗರಿಕ ಸೇವಾ ನಡತೆ ನಿಯಮಗಳಲ್ಲಿ 14ನೆಯ ನಿಯಮ ನೌಕರರ ಗೌರವಾರ್ಥ ನಡೆಯುವ ಸಮಾರಂಭಗಳನ್ನು ಕುರಿತದ್ದು. ನಿವೃತ್ತಿ ಅಥವಾ ವರ್ಗಾವಣೆಯ ಸಂದರ್ಭದಲ್ಲಿ ಖಾಸಗಿಯಾಗಿ, ಸರಳವಾಗಿ ಬೀಳ್ಕೊಡುವುದಕ್ಕೆ ಅದರಲ್ಲಿ ಅಡ್ಡಿಯಿಲ್ಲ. ಆದರೆ ನಿಯಮದ ಕೆಳಗಿನ ಟಿಪ್ಪಣಿ ಎರಡು ಮಾತು ಹೇಳುತ್ತದೆ. ಬೀಳ್ಕೊಡುಗೆಗೆ ಚಂದಾ ಕೊಡುವಂತೆ ಯಾವ ನೌಕರರ ಮೇಲೂ ಯಾವುದೇ ಬಗೆಯ ಒತ್ತಡ ಅಥವಾ ಪ್ರಭಾವ ಬೀರಬಾರದು. ಇನ್ನು, ಮೂರನೆಯ ಮತ್ತು ನಾಲ್ಕನೆಯ ದರ್ಜೆಗೆ ಸೇರದ ಅಧಿಕಾರಿಯ ಸತ್ಕಾರಕ್ಕಾಗಿ ಆ ಎರಡು ದರ್ಜೆಯ ನೌಕರರಿಂದ ಯಾವ ಸಂದರ್ಭದಲ್ಲೂ ಚಂದಾ ಎತ್ತಬಾರದು. ಹಳೆಯ ಆ ದರ್ಜೆಗಳು ಇಂದಿನ ಕೇಂದ್ರ ಸೇವೆಯಲ್ಲಿ 'ಸಿ' ಗುಂಪಿನಲ್ಲಿ ಸೇರಿವೆ. ಆ ಇಪ್ಪತ್ನಾಲ್ಕು ಹೆಸರುಗಳಲ್ಲಿ ಹತ್ತೊಂಬತ್ತು 'ಸಿ' ಗುಂಪಿನವು.

ಆ ಟಿಪ್ಪಣಿ ಮಾತನಾಡುವುದು ಸಮಾರಂಭದ ಖರ್ಚಿನ ಬಗ್ಗೆ. ಉಡುಗೊರೆಯ ವಿಷಯ ಅದರ ಹಿಂದಿನ 13ನೆಯ ನಿಯಮಕ್ಕೆ ಸೇರಿದ್ದು. ಒಂದು ಮಿತಿಯನ್ನು ದಾಟಿದ ಬೆಲೆಯ ಉಡುಗೊರೆಯನ್ನು ಅನುಮತಿಯಿಲ್ಲದೆ ಸ್ವೀಕರಿಸಬಾರದೆಂದು ಅದು ಹೇಳುತ್ತದೆ. ಬೆಳ್ಳಿಯ ದೀಪದ ಕಂಬಗಳ ಬೆಲೆಗೆ ಹೋಲಿಸಿದರೆ ಆ ಮಿತಿ ಬಹಳ ಕೆಳಗಿದೆ. ಅಂದರೆ ಚಂದಾ ಕೊಡದವರಿಗಿಂತ ಹೆಚ್ಚಿನ ಮುಜುಗರ ಕಾದಿರುವುದು ಸ್ವೀಕರಿಸುವ ಅಧಿಕಾರಿಗೇ, ಅದೂ ನಿವೃತ್ತಿಯ ಹೊಸ್ತಿಲಲ್ಲಿ.

ನಿಯಮ ಗೊತ್ತಿದ್ದೂ ಆಕೆ ಅದನ್ನು ಮೊದಲೇ ಎತ್ತಲಿಲ್ಲ. ಅದು ಸರಿಯೇ. 'ನನ್ನ ಕೈಲಿ ಆಗೋದಿಲ್ಲ' ಎಂಬ ಮಾತಿಗೆ ಯಾರೂ ಸಿಟ್ಟಾಗುವ ಕಾರಣವಿಲ್ಲ. 'ನೀವು ಮಾಡುತ್ತಿರುವುದು ತಪ್ಪು' ಎಂಬ ಮಾತಿಗೆ ಎಲ್ಲರೂ ಸಿಟ್ಟಾಗುತ್ತಾರೆ. ಮೊದಲ ಮಾತು ಸಾಲದೇ ಹೋದಾಗ ಮಾತ್ರ ಎರಡನೆಯದು ಬೇಕಾಗುತ್ತದೆ. ಎರಡು ದಿನ ಕಳೆದ ಮೇಲೆ ಅದು ಬೇಕಾಯಿತು. ವಾಟ್ಸ್‌ಆ್ಯಪ್ ಗುಂಪಿನಲ್ಲಿ 'ಬಾಕಿ ಇರುವವರು' ಎಂಬ ಪಟ್ಟಿ ಬಂತು; ಅದರಲ್ಲಿ ಆಕೆಯದೂ ಸೇರಿ ಮೂರು ಹೆಸರು. ಇದೇ ಒತ್ತಡದ ಗುರುತು. ಒಮ್ಮೆ ಕೇಳುವುದು ಕೇಳಿಕೆ. ಒಲ್ಲೆ ಎಂದ ಮೇಲೂ ಹೆಸರನ್ನು ಹತ್ತು ಜನರ ಮುಂದೆ ಇಡುವುದು ಒತ್ತಾಯ.

ಆಕೆ ಗುಂಪಿನಲ್ಲಿ ಉತ್ತರ ಬರೆಯಲಿಲ್ಲ. ಮತ್ತೆ ಸೂಪರಿಂಟೆಂಡೆಂಟರ ಮೇಜಿಗೇ ಹೋದರು. ತಮ್ಮ ಓದಿನ ಪುಸ್ತಕದ ಆ ಪುಟ ತೆರೆದಿಟ್ಟು, "ಸಾರ್, ಇದನ್ನ ಒಂದ್ಸಲ ನೋಡಿ. ನಾನು ಯಾರ ಮೇಲೂ ದೂರು ಹೇಳ್ತಿಲ್ಲ. ನಾಳೆ ಯಾರಾದ್ರೂ ಅರ್ಜಿ ಬರೆದ್ರೆ ಸಾಹೇಬ್ರಿಗೂ ನಿಮಗೂ ತೊಂದ್ರೆ ಆಗ್ಬಾರ್ದು" ಎಂದರು. ಸೂಪರಿಂಟೆಂಡೆಂಟರು ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದರು. ಆ ಸಂಜೆ ಗುಂಪಿನಿಂದ ಪಟ್ಟಿ ಮಾಯವಾಯಿತು.

ಮುಂದೆ ಆದದ್ದು ಪೂರ್ತಿ ಸಿಹಿಯೂ ಅಲ್ಲ, ಪೂರ್ತಿ ಕಹಿಯೂ ಅಲ್ಲ. ಹಣ ಕೊಟ್ಟಿದ್ದ ಗುಮಾಸ್ತರಿಗೆಲ್ಲ ಅದನ್ನು ಹಿಂದಿರುಗಿಸಲಾಯಿತು. ಐದು ಮಂದಿ ಅಧಿಕಾರಿಗಳು ತಮ್ಮೊಳಗೇ ಕೂಡಿಸಿಕೊಂಡು ಊಟದ ಬದಲು ಕಾಫಿ ತಿಂಡಿಯ ಏರ್ಪಾಡು ಮಾಡಿದರು. ಬೆಳ್ಳಿಯ ಕಂಬಗಳ ಜಾಗದಲ್ಲಿ ಶಾಲು, ಹಾರ, ಒಂದು ಪುಸ್ತಕ ಬಂದವು. ಬಾಕಿ ಪಟ್ಟಿಯಲ್ಲಿದ್ದ ಇನ್ನಿಬ್ಬರಲ್ಲಿ ಒಬ್ಬರು ಊಟದ ಹೊತ್ತಿನಲ್ಲಿ ಬಂದು, "ನಾನೂ ಸೊಸೈಟಿಯಲ್ಲಿ ಸಾಲ ತೆಗೆಯೋಣ ಅಂತಿದ್ದೆ ಅಕ್ಕಾ" ಎಂದು ಮೆಲ್ಲಗೆ ಹೇಳಿಹೋದರು. ಮತ್ತೊಬ್ಬರು ಹದಿನೈದು ದಿನ ಆಕೆಯೊಡನೆ ಸರಿಯಾಗಿ ಮಾತನಾಡಲಿಲ್ಲ. ಕಚೇರಿಯ ಮರ್ಯಾದೆ ಹೋಯಿತೆಂಬುದು ಅವರ ಭಾವನೆ. ಇಷ್ಟು ಬೆಲೆಯನ್ನು ತೆರಬೇಕಾಗುತ್ತದೆ ಎಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಬೀಳ್ಕೊಡುಗೆಯ ದಿನ ಆಕೆ ಕುರ್ಚಿ ಜೋಡಿಸಿ, ಸಾಹೇಬರ ಸೇವೆಯ ವರ್ಷಗಳನ್ನೂ ಅವರ ಕಾಲದಲ್ಲಿ ಇತ್ಯರ್ಥವಾದ ಹಳೆಯ ಪಿಂಚಣಿ ಪ್ರಕರಣಗಳನ್ನೂ ನೆನೆದು ಬರೆದ ಒಂದು ಪುಟದ ಪತ್ರವನ್ನು ಕೈಗಿತ್ತರು. ಸಾಹೇಬರು ಅದನ್ನು ಮಡಿಸಿ ಜೇಬಿನಲ್ಲಿ ಇಟ್ಟುಕೊಂಡರು. ಚಂದಾದ ಸಂಗತಿ ಅವರಿಗೆ ಗೊತ್ತಿತ್ತೋ ಇಲ್ಲವೋ, ಅವರು ಅದನ್ನು ಎತ್ತಲಿಲ್ಲ.

ಈ ನಿಯಮ ಕೇಂದ್ರ ಸರ್ಕಾರದ ನೌಕರರಿಗೆ ಸಂಬಂಧಿಸಿದ್ದು. ಖಾಸಗಿ ಕಂಪನಿಯಲ್ಲಿ ದುಡಿಯುವವರು ಇದನ್ನು ತೋರಿಸಿ ಹೊರಬರಲಾಗದು. ಅಲ್ಲಿ ಕೈಯಲ್ಲಿರುವುದು 'ಆಗುವುದಿಲ್ಲ' ಎಂಬ ಮೊದಲ ಮಾತು ಮಾತ್ರ. ಆದರೂ ಅಲ್ಲಿಗೂ ಒಂದು ಎಲ್ಲೆ ಇದೆ. ಸಂಬಳದಿಂದ ಯಾವುದಕ್ಕೆಲ್ಲ ಹಣ ಕಡಿತ ಮಾಡಬಹುದೆಂಬ ಪಟ್ಟಿಯನ್ನು ಕಾನೂನೇ ಕೊಡುತ್ತದೆ. 1936ರ ವೇತನ ಪಾವತಿ ಕಾಯ್ದೆಯಲ್ಲಿ ಅಂಥ ಪಟ್ಟಿ ಇತ್ತು, 2019ರ ವೇತನ ಸಂಹಿತೆಯಲ್ಲೂ ಇದೆ. ಮೇಲಧಿಕಾರಿಯ ಉಡುಗೊರೆ ಆ ಪಟ್ಟಿಯಲ್ಲಿಲ್ಲ. ಆದ್ದರಿಂದ 'ಸಂಬಳದಲ್ಲೇ ಹಿಡಿದುಕೊಳ್ಳುತ್ತೇವೆ' ಎಂದರೆ ಅದಕ್ಕೆ ತಲೆಯಾಡಿಸಬೇಕಾಗಿಲ್ಲ.

ಹಾಗೆಂದು ಕಚೇರಿಯಲ್ಲಿ ಎತ್ತುವ ಎಲ್ಲ ಚಂದಾವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಅದೇ ಕಚೇರಿಯ ಜವಾನನ ಹೆಂಡತಿ ಆಸ್ಪತ್ರೆ ಸೇರಿದಾಗ ಇದೇ ಗುಮಾಸ್ತೆ ಮುನ್ನೂರು ರೂಪಾಯಿ ಕೊಟ್ಟಿದ್ದರು. ಅಂದೂ ಕೈ ಬಿಗಿಯಾಗಿಯೇ ಇತ್ತು. ಅಲ್ಲಿ ಮೊತ್ತ ನಿಗದಿಯಾಗಿರಲಿಲ್ಲ, ಹಣ ಹೋದದ್ದು ಅಗತ್ಯ ಇದ್ದವರ ಕೈಗೆ. ಹಣ ಯಾವ ಕಡೆಗೆ ಹರಿಯುತ್ತಿದೆ, ಮೊತ್ತವನ್ನು ನಿರ್ಧರಿಸಿದವರು ಯಾರು ಎಂಬ ಎರಡು ಪ್ರಶ್ನೆ ಕೇಳಿಕೊಂಡರೆ ಯಾವುದಕ್ಕೆ ಹೂಂ, ಯಾವುದಕ್ಕೆ ಊಹೂಂ ಎನ್ನಬೇಕೆಂಬುದು ತಾನಾಗಿಯೇ ತಿಳಿಯುತ್ತದೆ.

ಫೀಸನ್ನು ಇಪ್ಪತ್ತೇಳನೆಯ ತಾರೀಖೇ ಕಟ್ಟಲಾಯಿತು. ಅದಾದ ಒಂದು ವಾರಕ್ಕೆ ಮಗಳ ತರಗತಿಯಲ್ಲೂ ಒಂದು ಪಟ್ಟಿ ಹೊರಟಿತು. ವರ್ಗವಾಗಿ ಹೋಗುವ ಉಪನ್ಯಾಸಕರಿಗೆ ಕೈಗಡಿಯಾರ, ತಲೆಗೆ ಐನೂರು. ಆಕೆ ತರಗತಿಯ ಪ್ರತಿನಿಧಿಯನ್ನು ಕಾರಿಡಾರಿನಲ್ಲಿ ಕಂಡು, "ನನ್ನ ಹತ್ರ ಅಷ್ಟಾಗಲ್ಲ ಕಣೋ, ಐವತ್ತು ಕೊಡ್ತೀನಿ. ಇನ್ನೂ ಕೆಲವರಿಗೂ ಕಷ್ಟ ಇರಬಹುದು. ಮೊತ್ತ ಬರೀದೆ ಒಂದು ಕವರ್ ಇಡು" ಎಂದಳು. ಹುಡುಗ ಸ್ವಲ್ಪ ಯೋಚಿಸಿ ಒಪ್ಪಿದ. ಯಾರು ಎಷ್ಟು ಹಾಕಿದರೆಂದು ಆ ಕವರಿನ ಮೇಲೆ ಬರೆದಿರಲಿಲ್ಲ. ಕೂಡಿದ ಹಣಕ್ಕೆ ಕೈಗಡಿಯಾರ ಬರಲಿಲ್ಲ, ಒಂದು ಒಳ್ಳೆಯ ಪೆನ್ನು ಬಂತು.

ಇತ್ತ ಕಚೇರಿಯಲ್ಲಿ ಮೂರು ತಿಂಗಳ ನಂತರ ಸೂಪರಿಂಟೆಂಡೆಂಟರೇ ನಿವೃತ್ತರಾದರು. ಅವರ ಬೀಳ್ಕೊಡುಗೆಗೆ ಹೆಸರಿನ ಹಾಳೆ ತಿರುಗಲಿಲ್ಲ. ಅದನ್ನು ಬೇಡವೆಂದವರು ಅವರೇ.